ಟ್ರಯಲ್ ವರದಿಯನ್ನು ಕಾನ್ಸಾರ್ಟ್ ಪಟ್ಟಿಗೆ ಹೊಂದಿಸುವುದು: ಯಾವ ವಾಕ್ಯ ಯಾವ ವಿಭಾಗಕ್ಕೆ ಸೇರಬೇಕು?

ಯಾದೃಚ್ಛಿಕ ಹಂಚಿಕೆಯ ಕ್ಲಿನಿಕಲ್ ಟ್ರಯಲ್ ಕುರಿತ ಲೇಖನವನ್ನು ವೈದ್ಯಕೀಯ ಪತ್ರಿಕೆಗೆ ಕಳುಹಿಸುವಾಗ, ಅದರ ಜೊತೆಗೆ ಕಾನ್ಸಾರ್ಟ್ ಪರಿಶೀಲನಾ ಪಟ್ಟಿಯನ್ನೂ ತುಂಬಿ ಕಳುಹಿಸಬೇಕೆಂದು ಬಹಳಷ್ಟು ಪತ್ರಿಕೆಗಳು ಕೇಳುತ್ತವೆ. 1996ರಲ್ಲಿ ಮೊದಲು ಪ್ರಕಟವಾದ ಈ ಪಟ್ಟಿ 2001 ಮತ್ತು 2010ರಲ್ಲಿ ಪರಿಷ್ಕರಣೆಗೊಂಡು, 2025ರ ಏಪ್ರಿಲ್‌ನಲ್ಲಿ ಈಗಿನ ರೂಪಕ್ಕೆ ಬಂದಿದೆ. ಈಗ ಅದರಲ್ಲಿ 30 ಅಂಶಗಳಿವೆ. ಹೆಚ್ಚಿನ ಲೇಖಕರು ಲೇಖನವೆಲ್ಲ ಮುಗಿದ ಮೇಲೆ ಪಟ್ಟಿಯನ್ನು ತೆರೆದು, ಪ್ರತಿಯೊಂದು ಅಂಶವೂ ಲೇಖನದಲ್ಲಿ ಎಲ್ಲಾದರೂ ಸಿಗುತ್ತದೆಯೇ ಎಂದು ಹುಡುಕಿ ಪುಟಸಂಖ್ಯೆ ಬರೆದುಬಿಡುತ್ತಾರೆ. ಹೀಗೆ ಮಾಡಿದಾಗ ಪಟ್ಟಿ ತುಂಬುತ್ತದೆ, ಆದರೆ ವರದಿ ಮೊದಲಿದ್ದ ಹಾಗೆಯೇ ಉಳಿಯುತ್ತದೆ. ಟ್ರಯಲ್‌ಗೆ ಎಷ್ಟು ಜನ ಬಂದರು ಎಂಬುದು ವಿಧಾನದ ವಿಭಾಗದಲ್ಲಿ, ಅಡ್ಡಪರಿಣಾಮಗಳು ಚರ್ಚೆಯಲ್ಲಿ, ಮಾದರಿ ಗಾತ್ರದ ಲೆಕ್ಕ ಫಲಿತಾಂಶದ ಕೋಷ್ಟಕದ ಅಡಿಟಿಪ್ಪಣಿಯಲ್ಲಿ ಚದುರಿ ಕುಳಿತಿರುತ್ತವೆ.

ಸ್ನಾತಕೋತ್ತರ ಪ್ರಬಂಧವನ್ನು ಲೇಖನವಾಗಿ ಇಳಿಸುವವರಿಗೆ ಈ ತೊಂದರೆ ಇನ್ನೂ ಹೆಚ್ಚು, ಏಕೆಂದರೆ ಪ್ರಬಂಧದ ಅಧ್ಯಾಯಗಳ ಕ್ರಮವೇ ಬೇರೆ. ಒಂದು ಕರಡನ್ನು ಬಿಡಿಸಿ, ಪ್ರತಿಯೊಂದು ವಾಕ್ಯವನ್ನೂ ಅದರ ವಿಭಾಗಕ್ಕೆ ಸೇರಿಸುವ ಕೆಲಸವನ್ನು ಹಂತಹಂತವಾಗಿ ಇಲ್ಲಿ ವಿವರಿಸಲಾಗಿದೆ. ವಿವರಣೆಗಾಗಿ ಒಂದು ಕಲ್ಪಿತ ಟ್ರಯಲ್ ಅನ್ನು ತೆಗೆದುಕೊಂಡಿದ್ದೇನೆ: ರಕ್ತಹೀನತೆ ಇರುವ ಗರ್ಭಿಣಿಯರಿಗೆ ಕಬ್ಬಿಣಾಂಶದ ಮಾತ್ರೆಯನ್ನು ಪ್ರತಿದಿನ ಕೊಡುವುದು ಮೇಲೋ, ದಿನ ಬಿಟ್ಟು ದಿನ ಕೊಡುವುದು ಮೇಲೋ ಎಂಬುದು ಅದರ ಪ್ರಶ್ನೆ. ಅದರ ಅಂಕಿಗಳೆಲ್ಲ ಉದಾಹರಣೆಗಾಗಿ ರಚಿಸಿದವು.

ಕೂರುವ ಮೊದಲು ಕೈಗೆ ಬೇಕಾದವು

ಕರಡೊಂದನ್ನೇ ಮುಂದಿಟ್ಟುಕೊಂಡು ಈ ಕೆಲಸ ಮಾಡಲಾಗದು. ನೈತಿಕ ಸಮಿತಿ ಒಪ್ಪಿದ ಪ್ರೊಟೊಕಾಲ್, ಟ್ರಯಲ್ ನೋಂದಣಿಯ ಪ್ರತಿ, ರೋಗಿಗಳನ್ನು ಪರೀಕ್ಷಿಸಿ ಸೇರಿಸಿಕೊಂಡ ಅಥವಾ ಬಿಟ್ಟ ದಾಖಲೆಯ ಪುಸ್ತಕ, ಹಂಚಿಕೆಯ ಪಟ್ಟಿ ಮತ್ತು ಸಂಖ್ಯಾಶಾಸ್ತ್ರಜ್ಞರು ಕೊಟ್ಟ ವಿಶ್ಲೇಷಣೆಯ ಹಾಳೆ, ಇಷ್ಟೂ ಜೊತೆಗಿರಬೇಕು. ಭಾರತದಲ್ಲಿ ನಡೆಯುವ ಟ್ರಯಲ್‌ಗಳು ಐಸಿಎಂಆರ್ ಅಡಿಯಲ್ಲಿರುವ ಸಿಟಿಆರ್‌ಐಯಲ್ಲಿ ನೋಂದಾಯಿತವಾಗುತ್ತವೆ. 2007ರಲ್ಲಿ ಶುರುವಾದ ಈ ನೋಂದಣಿ ವ್ಯವಸ್ಥೆ, 2018ರ ಏಪ್ರಿಲ್ 1ರಿಂದ, ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುನ್ನವೇ ಬಂದ ಅರ್ಜಿಗಳನ್ನು ಮಾತ್ರ ಸ್ವೀಕರಿಸುತ್ತಿದೆ. ಆದ್ದರಿಂದ ಟ್ರಯಲ್ ಶುರುವಾಗುವ ಮೊದಲು ಏನನ್ನು ಅಳೆಯುವುದಾಗಿ ಹೇಳಲಾಗಿತ್ತು ಎಂಬುದಕ್ಕೆ ನೋಂದಣಿಯ ಪ್ರತಿ ಗಟ್ಟಿ ಸಾಕ್ಷಿ, ಮತ್ತು ಲೇಖನವನ್ನು ಪರಿಶೀಲಿಸುವವರು ಅದನ್ನು ತೆರೆದು ಹೋಲಿಸಿ ನೋಡಬಲ್ಲರು.

ಕರಡಿನ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿ, ಮೂಲವನ್ನು ಮುಟ್ಟದೆ ಇಡಬೇಕು. ಪ್ರತಿಯಲ್ಲಿ ಮೊದಲ ಸಲ ಓದುವಾಗ ಏನನ್ನೂ ತಿದ್ದಬಾರದು, ಸ್ಥಳವನ್ನೂ ಬದಲಿಸಬಾರದು. ಪ್ರತಿಯೊಂದು ವಾಕ್ಯದ ಪಕ್ಕದಲ್ಲಿ ಅದು ಕಾನ್ಸಾರ್ಟ್‌ನ ಯಾವ ಅಂಶಕ್ಕೆ ಉತ್ತರ ಕೊಡುತ್ತದೆ ಎಂಬ ಸಂಖ್ಯೆಯನ್ನಷ್ಟೇ ಬರೆಯುತ್ತಾ ಹೋಗಬೇಕು. ಒಂದೇ ವಾಕ್ಯಕ್ಕೆ ಎರಡು ಮೂರು ಸಂಖ್ಯೆ ಬಿದ್ದರೆ ಆ ವಾಕ್ಯವನ್ನು ಒಡೆಯಬೇಕೆಂದು ಅರ್ಥ. ಯಾವ ಸಂಖ್ಯೆಯೂ ಬೀಳದಿದ್ದರೆ ಆ ವಾಕ್ಯ ಬೇಕೇ ಎಂದು ಕೇಳಿಕೊಳ್ಳಬೇಕು. ರಕ್ತಹೀನತೆಯ ಕುರಿತ ಸಾಮಾನ್ಯ ವಿವರಣೆಯ ಎರಡು ಪುಟಗಳು ಬಹಳ ಸಲ ಈ ಎರಡನೆಯ ಗುಂಪಿಗೆ ಸೇರುತ್ತವೆ.

ಯಾವಾಗ ತಿಳಿದದ್ದು?

ವಿಭಾಗಗಳ ಬಗ್ಗೆ ಬರುವ ಸಂಶಯಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯಿಂದ ಬಗೆಹರಿಯುತ್ತವೆ: ಈ ವಿಷಯ ಮೊದಲ ರೋಗಿ ಟ್ರಯಲ್‌ಗೆ ಸೇರುವ ಮುನ್ನವೇ ನಿರ್ಧಾರವಾಗಿತ್ತೇ, ಅಥವಾ ಟ್ರಯಲ್ ನಡೆದ ಮೇಲೆ ಮಾತ್ರ ತಿಳಿಯುವಂಥದ್ದೇ? ಮೊದಲೇ ನಿರ್ಧಾರವಾಗಿದ್ದರೆ ಅದರ ಜಾಗ ವಿಧಾನದ ವಿಭಾಗ. ನಡೆದ ಮೇಲೆ ತಿಳಿದದ್ದಾದರೆ ಫಲಿತಾಂಶದ ವಿಭಾಗ. ಎರಡೂ ಅಲ್ಲದೆ, ತಿಳಿದದ್ದರ ಅರ್ಥವೇನು ಎಂಬ ಲೇಖಕರ ಅಭಿಪ್ರಾಯವಾದರೆ ಚರ್ಚೆ. ಕಾನ್ಸಾರ್ಟ್ ಪಟ್ಟಿಯ ರಚನೆಯಲ್ಲಿಯೇ ಈ ತತ್ವ ಅಡಗಿದೆ. ಅಡ್ಡಪರಿಣಾಮಗಳನ್ನು ಹೇಗೆ ಕೇಳಿ ದಾಖಲಿಸಬೇಕೆಂದು ಯೋಜಿಸಲಾಗಿತ್ತು ಎಂಬುದು 15ನೆಯ ಅಂಶವಾಗಿ ವಿಧಾನದಲ್ಲಿದೆ, ಎಷ್ಟು ಜನರಿಗೆ ಆದವು ಎಂಬುದು 27ನೆಯ ಅಂಶವಾಗಿ ಫಲಿತಾಂಶದಲ್ಲಿದೆ. ಚಿಕಿತ್ಸೆಯನ್ನು ಹೇಗೆ ಕೊಡುವ ಯೋಜನೆಯಿತ್ತು ಎಂಬುದು 13ರಲ್ಲಿ, ನಿಜವಾಗಿ ಹೇಗೆ ಕೊಡಲಾಯಿತು ಎಂಬುದು 24ರಲ್ಲಿ ಬರುತ್ತದೆ. ಈ ಜೋಡಿಗಳನ್ನು ಗಮನದಲ್ಲಿಟ್ಟುಕೊಂಡರೆ ಕೆಲಸದ ದೊಡ್ಡ ಪಾಲು ಸುಲಭವಾಗುತ್ತದೆ.

ಇದಕ್ಕೆ ಒಂದು ಮುಖ್ಯ ಅಪವಾದವಿದೆ. ಟ್ರಯಲ್ ಶುರುವಾದ ಮೇಲೆ ಪ್ರೊಟೊಕಾಲ್‌ನಲ್ಲಿ ಮಾಡಿದ ಬದಲಾವಣೆಗಳು, ನಡೆದ ಮೇಲೆ ತಿಳಿದವೇ ಆದರೂ, 10ನೆಯ ಅಂಶವಾಗಿ ವಿಧಾನದ ವಿಭಾಗದಲ್ಲಿಯೇ ಬರಬೇಕು ಮತ್ತು ಅವುಗಳ ಕಾರಣವನ್ನೂ ಅಲ್ಲಿಯೇ ಹೇಳಬೇಕು.

ಈಗ ನಮ್ಮ ಕಲ್ಪಿತ ಕರಡಿನ ವಿಧಾನದ ವಿಭಾಗದಿಂದ ಒಂದು ಪ್ಯಾರಾ ನೋಡೋಣ. ಇಂಥ ಪ್ಯಾರಾಗಳು ಪತ್ರಿಕೆಗಳಿಗೆ ಬರುವ ಕರಡುಗಳಲ್ಲಿ ಅಪರೂಪವೇನಲ್ಲ.

"ನಮ್ಮ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಬಂದ, ರಕ್ತಹೀನತೆಯಿದ್ದ 162 ಗರ್ಭಿಣಿಯರನ್ನು ಅಧ್ಯಯನಕ್ಕೆ ಸೇರಿಸಿಕೊಳ್ಳಲಾಯಿತು. ಅವರ ಸರಾಸರಿ ವಯಸ್ಸು 24.6 ವರ್ಷ. ಅವರನ್ನು ಲಕೋಟೆ ವಿಧಾನದಿಂದ ಯಾದೃಚ್ಛಿಕವಾಗಿ ಎರಡು ಗುಂಪುಗಳಾಗಿ ವಿಂಗಡಿಸಿ, 79 ಜನರಿಗೆ ಪ್ರತಿದಿನ, 83 ಜನರಿಗೆ ದಿನ ಬಿಟ್ಟು ದಿನ ಮಾತ್ರೆ ಕೊಡಲಾಯಿತು. ವಾಂತಿಯಿಂದಾಗಿ ಮಾತ್ರೆ ನಿಲ್ಲಿಸಿದವರನ್ನು ಮತ್ತು ಮರುಭೇಟಿಗೆ ಬಾರದವರನ್ನು ಅಧ್ಯಯನದಿಂದ ಕೈಬಿಡಲಾಯಿತು."

ಮೊದಲ ವಾಕ್ಯವನ್ನೇ ತೆಗೆದುಕೊಳ್ಳಿ. ಹೊರರೋಗಿ ವಿಭಾಗ ಎಂಬುದು ಟ್ರಯಲ್ ನಡೆದ ಸ್ಥಳ, ಅಂದರೆ 11ನೆಯ ಅಂಶ. ರಕ್ತಹೀನತೆಯಿದ್ದ ಗರ್ಭಿಣಿಯರು ಎಂಬುದು ಅರ್ಹತೆಯ ನಿಯಮ, ಅಂದರೆ 12ನೆಯ ಅಂಶ. ಆದರೆ ಅದು ಅಸ್ಪಷ್ಟವಾಗಿದೆ. ಪ್ರೊಟೊಕಾಲ್ ತೆರೆದು ನೋಡಿದರೆ ಹಿಮೋಗ್ಲೋಬಿನ್ 7ರಿಂದ 9.9 ಗ್ರಾಂ, ಗರ್ಭಾವಧಿ 14ರಿಂದ 26 ವಾರ ಎಂಬ ಸ್ಪಷ್ಟ ಮಿತಿಗಳು ಸಿಗುತ್ತವೆ, ಅವನ್ನೇ ಬರೆಯಬೇಕು. 162 ಎಂಬ ಸಂಖ್ಯೆ ಮಾತ್ರ ವಿಧಾನಕ್ಕೆ ಸೇರಿದ್ದಲ್ಲ, ಏಕೆಂದರೆ ಎಷ್ಟು ಜನ ಬರುತ್ತಾರೆಂದು ಮೊದಲೇ ಯಾರಿಗೂ ಗೊತ್ತಿರಲಿಲ್ಲ. ಸರಾಸರಿ ವಯಸ್ಸಿನ ವಾಕ್ಯ ಇಡಿಯಾಗಿ ಫಲಿತಾಂಶದ ಮೊದಲ ಕೋಷ್ಟಕಕ್ಕೆ ಹೋಗಬೇಕು. ಅದು 25ನೆಯ ಅಂಶ, ಮತ್ತು ಅಲ್ಲಿ ಒಟ್ಟು ಸರಾಸರಿ ಸಾಲದು, ಎರಡು ಗುಂಪುಗಳ ವಿವರ ಬೇರೆ ಬೇರೆಯಾಗಿ ಬೇಕು. ಆ ಕೋಷ್ಟಕದಲ್ಲಿ ಗುಂಪುಗಳ ನಡುವಿನ ವ್ಯತ್ಯಾಸಕ್ಕೆ ಪಿ ಮೌಲ್ಯಗಳ ಸಾಲೊಂದನ್ನು ಸೇರಿಸುವ ಅಭ್ಯಾಸ ಇನ್ನೂ ಇದೆ. ಹಂಚಿಕೆ ಸರಿಯಾಗಿ ನಡೆದಿದ್ದರೆ ಆರಂಭದ ವ್ಯತ್ಯಾಸಗಳೆಲ್ಲ ಆಕಸ್ಮಿಕವೇ ಆಗಿರುವುದರಿಂದ ಆ ಸಾಲಿಗೆ ಅರ್ಥವಿಲ್ಲ, ತೆಗೆದುಹಾಕಬೇಕು.

"ಲಕೋಟೆ ವಿಧಾನ" ಎಂಬ ಎರಡು ಪದಗಳ ಒಳಗೆ

ಈ ಇಡೀ ಕೆಲಸದಲ್ಲಿ ಅತಿ ಹೆಚ್ಚು ಗಮನ ಬೇಡುವ ಜಾಗ ಇದು. ಹಂಚಿಕೆಯ ಬಗ್ಗೆ ಕಾನ್ಸಾರ್ಟ್ ಮೂರು ಪ್ರತ್ಯೇಕ ಪ್ರಶ್ನೆಗಳನ್ನು ಕೇಳುತ್ತದೆ, ಆದರೆ ಕರಡುಗಳು ಮೂರಕ್ಕೂ ಸೇರಿಸಿ ಒಂದೇ ಉತ್ತರ ಕೊಟ್ಟುಬಿಡುತ್ತವೆ.

ಮೊದಲನೆಯದು, ಯಾರಿಗೆ ಯಾವ ಗುಂಪು ಎಂಬ ಅನುಕ್ರಮವನ್ನು ಯಾರು, ಹೇಗೆ ತಯಾರಿಸಿದರು ಎಂಬುದು. ಇದು 17ನೆಯ ಅಂಶ. ಕಂಪ್ಯೂಟರ್‌ನಿಂದ ಪಡೆದ ಯಾದೃಚ್ಛಿಕ ಸಂಖ್ಯೆಗಳೇ, ಬ್ಲಾಕ್‌ಗಳಾಗಿ ಮಾಡಲಾಗಿತ್ತೇ, ಬ್ಲಾಕ್‌ನ ಗಾತ್ರವೆಷ್ಟು ಎಂಬುದೆಲ್ಲ ಇಲ್ಲಿ ಬರುತ್ತದೆ. ಎರಡನೆಯದು, ಆ ಅನುಕ್ರಮವು ರೋಗಿಯನ್ನು ಸೇರಿಸಿಕೊಳ್ಳುವವರ ಕಣ್ಣಿಗೆ ಬೀಳದಂತೆ ಯಾವ ವ್ಯವಸ್ಥೆಯಿತ್ತು ಎಂಬುದು. ಇದು 18ನೆಯ ಅಂಶ, ಲಕೋಟೆಯ ಮಾತು ನಿಜವಾಗಿ ಸೇರುವುದು ಇಲ್ಲಿಗೆ. ಮೂರನೆಯದು, ರೋಗಿಯನ್ನು ಸೇರಿಸಿಕೊಂಡವರಿಗೆ ಮತ್ತು ಗುಂಪಿಗೆ ಹಾಕಿದವರಿಗೆ ಆ ಅನುಕ್ರಮವನ್ನು ನೋಡುವ ಅವಕಾಶವಿತ್ತೇ ಎಂಬುದು. ಇದು 19ನೆಯ ಅಂಶ.

ಎರಡನೆಯ ಪ್ರಶ್ನೆಯನ್ನು ಬ್ಲೈಂಡಿಂಗ್ ಜೊತೆ ಬೆರೆಸುವವರು ಬಹಳ ಜನ. ಅನುಕ್ರಮವನ್ನು ಮರೆಮಾಡುವುದು ರೋಗಿ ಗುಂಪಿಗೆ ಸೇರುವ ಕ್ಷಣದವರೆಗಿನ ವಿಷಯ. ಬ್ಲೈಂಡಿಂಗ್ ಆ ಕ್ಷಣದ ನಂತರದ ವಿಷಯ, ಅದು 20ನೆಯ ಅಂಶ. ನಮ್ಮ ಟ್ರಯಲ್‌ನಲ್ಲಿ ಒಂದು ಗುಂಪು ಪ್ರತಿದಿನ ಮಾತ್ರೆ ನುಂಗುತ್ತದೆ, ಇನ್ನೊಂದು ಗುಂಪು ದಿನ ಬಿಟ್ಟು ದಿನ ನುಂಗುತ್ತದೆ, ಹುಸಿಮಾತ್ರೆ ಕೊಟ್ಟಿಲ್ಲ. ಆದ್ದರಿಂದ ಗರ್ಭಿಣಿಯರಿಗಾಗಲಿ ಮಾತ್ರೆ ಕೊಡುವ ನರ್ಸ್‌ಗಾಗಲಿ ಗುಂಪು ತಿಳಿಯದಂತೆ ಮಾಡಲು ಸಾಧ್ಯವೇ ಇರಲಿಲ್ಲ. ಆದರೂ ಅನುಕ್ರಮವನ್ನು ಮರೆಮಾಡುವುದು ಪೂರ್ಣವಾಗಿ ಸಾಧ್ಯವಿತ್ತು, ಮಾಡಲೇಬೇಕಿತ್ತು. 1995ರಲ್ಲಿ ಪ್ರಕಟವಾದ, 250 ಟ್ರಯಲ್‌ಗಳನ್ನು ಪರಿಶೀಲಿಸಿದ ಒಂದು ಅಧ್ಯಯನದಲ್ಲಿ, ಅನುಕ್ರಮವನ್ನು ಸರಿಯಾಗಿ ಮರೆಮಾಡದ ಟ್ರಯಲ್‌ಗಳು ಚಿಕಿತ್ಸೆಯ ಪರಿಣಾಮವನ್ನು, ಆಡ್ಸ್ ಅನುಪಾತದ ಲೆಕ್ಕದಲ್ಲಿ, ಶೇ. 41ರಷ್ಟು ಉಬ್ಬಿಸಿ ತೋರಿಸಿದ್ದು ಕಂಡುಬಂದಿತ್ತು. ಮುಂದಿನ ಲಕೋಟೆಯಲ್ಲಿ ಯಾವ ಗುಂಪಿದೆಯೆಂದು ಗೊತ್ತಿದ್ದರೆ, ತುಂಬ ಸುಸ್ತಾಗಿರುವ ಹೆಂಗಸೊಬ್ಬಳನ್ನು ದಿನ ಬಿಟ್ಟು ದಿನದ ಗುಂಪಿಗೆ ಹಾಕಲು ವೈದ್ಯರ ಮನಸ್ಸು ಒಪ್ಪದೆ, ಅವಳನ್ನು ಮುಂದಿನ ವಾರ ಬರಲು ಹೇಳಿಬಿಡಬಹುದು. ಅದು ಕರುಣೆಯಿಂದಲೇ ಆಗಿದ್ದರೂ ಹಂಚಿಕೆ ಕೆಟ್ಟಂತೆ.

ಹೀಗಾಗಿ ಕರಡಿನ ಎರಡು ಪದಗಳು ಹೊಸ ವರದಿಯಲ್ಲಿ ಹೀಗೆ ಬೆಳೆಯುತ್ತವೆ: "ಟ್ರಯಲ್‌ನ ಬೇರೆ ಯಾವ ಕೆಲಸದಲ್ಲಿಯೂ ಭಾಗವಹಿಸದ ಸಂಖ್ಯಾಶಾಸ್ತ್ರಜ್ಞರು, 4 ಮತ್ತು 6ರ ಗಾತ್ರದ ಬ್ಲಾಕ್‌ಗಳನ್ನು ಬಳಸಿ, ಕಂಪ್ಯೂಟರ್‌ನಲ್ಲಿ ಯಾದೃಚ್ಛಿಕ ಅನುಕ್ರಮವನ್ನು 1:1 ಪ್ರಮಾಣದಲ್ಲಿ ತಯಾರಿಸಿದರು. ಅನುಕ್ರಮವನ್ನು ಕ್ರಮಸಂಖ್ಯೆ ಹಾಕಿದ, ಬೆಳಕಿಗೆ ಹಿಡಿದರೂ ಒಳಗಿನದು ಕಾಣದ, ಮುದ್ರೆ ಹಾಕಿದ ಲಕೋಟೆಗಳಲ್ಲಿ ಇಡಲಾಯಿತು. ಗರ್ಭಿಣಿಯ ಒಪ್ಪಿಗೆ ಪಡೆದು ಅವರ ಹೆಸರನ್ನು ಲಕೋಟೆಯ ಮೇಲೆ ಬರೆದ ನಂತರವೇ ನರ್ಸ್ ಅದನ್ನು ತೆರೆಯುತ್ತಿದ್ದರು. ಗರ್ಭಿಣಿಯರನ್ನು ಸೇರಿಸಿಕೊಂಡ ವೈದ್ಯರಿಗಾಗಲಿ ನರ್ಸ್‌ಗಾಗಲಿ ಅನುಕ್ರಮದ ಪಟ್ಟಿ ಲಭ್ಯವಿರಲಿಲ್ಲ." ಬ್ಲೈಂಡಿಂಗ್‌ಗೆ ಪ್ರತ್ಯೇಕ ವಾಕ್ಯ ಬೇಕು, ಮತ್ತು ಅದರಲ್ಲಿ ಹಿಮೋಗ್ಲೋಬಿನ್ ಪರೀಕ್ಷಿಸಿದ ಪ್ರಯೋಗಾಲಯದ ಸಿಬ್ಬಂದಿಗೆ ಮಾತ್ರ ಗುಂಪು ತಿಳಿದಿರಲಿಲ್ಲ ಎಂದು ಹೆಸರಿಸಿ ಹೇಳಬೇಕು. "ಸಿಂಗಲ್ ಬ್ಲೈಂಡ್" ಎಂದರೆ ಯಾರಿಗೆ ತಿಳಿದಿರಲಿಲ್ಲ ಎಂಬುದು ಓದುವವರಿಗೆ ಗೊತ್ತಾಗುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮೇಲಿನಂತಹ ಮಾದರಿ ವಾಕ್ಯ ಕಣ್ಣಮುಂದಿದ್ದಾಗ, ನಡೆಯದೆ ಇದ್ದದ್ದನ್ನೂ ಅದೇ ಮಾತಿನಲ್ಲಿ ಬರೆದುಬಿಡುವ ಸೆಳೆತ ಹೆಚ್ಚು. ಲಕೋಟೆಗಳು ಸಾಮಾನ್ಯ ಬಿಳಿ ಕಾಗದದವೇ ಆಗಿದ್ದರೆ ಹಾಗೆಯೇ ಬರೆದು, 30ನೆಯ ಅಂಶವಾಗಿ ಚರ್ಚೆಯ ಮಿತಿಗಳಲ್ಲಿ ಅದನ್ನು ಒಪ್ಪಿಕೊಳ್ಳಬೇಕು. ದಾಖಲೆಯಿಲ್ಲದಿದ್ದರೆ ದಾಖಲೆಯಿಲ್ಲ ಎನ್ನಬೇಕು. ಪಟ್ಟಿಯ ಖಾಲಿ ಜಾಗ ವರದಿಗೆ ಕುಂದು ತರಬಹುದು, ಆದರೆ ಕಟ್ಟಿ ಬರೆದ ವಾಕ್ಯ ಟ್ರಯಲ್‌ನ ಬಗ್ಗೆಯೇ ಸುಳ್ಳು ಹೇಳುತ್ತದೆ.

ಉಳಿದ 18 ಜನ

ಕರಡಿನ ಕೊನೆಯ ವಾಕ್ಯ ವಿಧಾನದಲ್ಲಿದ್ದರೂ ಅದರೊಳಗಿರುವುದು ಫಲಿತಾಂಶ. ಪರೀಕ್ಷೆಯ ದಾಖಲೆ ಪುಸ್ತಕ ತೆರೆದಾಗ ನಿಜವಾದ ಲೆಕ್ಕ ಸಿಗುತ್ತದೆ. ಒಟ್ಟು 246 ಗರ್ಭಿಣಿಯರನ್ನು ಪರಿಶೀಲಿಸಲಾಗಿತ್ತು. 41 ಜನ ಅರ್ಹರಾಗಿರಲಿಲ್ಲ, 19 ಜನ ಒಪ್ಪಲಿಲ್ಲ, 6 ಜನ ಹೆರಿಗೆಗೆ ತವರಿಗೆ ಹೋಗುವವರಿದ್ದರು. ಉಳಿದ 180 ಜನರನ್ನು ತಲಾ 90ರಂತೆ ಎರಡು ಗುಂಪುಗಳಿಗೆ ಹಂಚಲಾಗಿತ್ತು. ಅಂದರೆ ಕರಡು ಶುರುವಾಗುವ 162 ಎಂಬುದು ಟ್ರಯಲ್‌ನ ಆರಂಭವಲ್ಲ, ಅದರ ಕೊನೆ. ಈ ಲೆಕ್ಕವನ್ನು 22ನೆಯ ಅಂಶದ ಹರಿವಿನ ಚಿತ್ರದಲ್ಲಿ ಮೇಲಿನಿಂದ ಕೆಳಗೆ ಇಡಬೇಕು. ಪ್ರತಿಯೊಂದು ಹಂತದಲ್ಲಿ ಮೇಲಿನ ಸಂಖ್ಯೆಯಿಂದ ಬಿಟ್ಟವರನ್ನು ಕಳೆದರೆ ಕೆಳಗಿನ ಸಂಖ್ಯೆ ಬರಲೇಬೇಕು. ಬಾರದಿದ್ದರೆ ಲೇಖನದ ಬೇರೆಲ್ಲವನ್ನೂ ನಿಲ್ಲಿಸಿ ಅದನ್ನು ಮೊದಲು ಸರಿಪಡಿಸಬೇಕು.

ಚಿತ್ರ ಬರೆಯುವಾಗಲೇ ಇನ್ನೊಂದು ಸಂಗತಿ ಹೊರಬೀಳುತ್ತದೆ. ಕೈಬಿಟ್ಟ 18 ಜನರಲ್ಲಿ ಎರಡೂ ಗುಂಪಿನ ತಲಾ 5 ಜನ ಮರುಭೇಟಿಗೆ ಬಂದಿರಲಿಲ್ಲ. ಉಳಿದ 8 ಜನ, ಪ್ರತಿದಿನದ ಗುಂಪಿನ 6 ಮತ್ತು ದಿನ ಬಿಟ್ಟು ದಿನದ ಗುಂಪಿನ 2, ವಾಂತಿಯಿಂದ ಮಾತ್ರೆ ನಿಲ್ಲಿಸಿದ್ದರೂ ಎಂಟನೆಯ ವಾರ ಬಂದು ರಕ್ತ ಕೊಟ್ಟಿದ್ದರು. ಅವರ ಹಿಮೋಗ್ಲೋಬಿನ್ ಪ್ರಯೋಗಾಲಯದ ಪುಸ್ತಕದಲ್ಲಿದೆ. ಹಂಚಿದ ಗುಂಪಿನಲ್ಲಿಯೇ ಎಲ್ಲರನ್ನೂ ವಿಶ್ಲೇಷಿಸಬೇಕೆಂದು ಪ್ರೊಟೊಕಾಲ್ ಹೇಳಿದ್ದರೆ, ಇವರನ್ನು ಬಿಡಲು ಕಾರಣವೇ ಇಲ್ಲ. ಯಾವ ವಿಶ್ಲೇಷಣೆಯಲ್ಲಿ ಯಾರು ಸೇರುತ್ತಾರೆ ಎಂಬುದು 21ನೆಯ ಅಂಶದ ಒಂದು ಭಾಗ, ಸಿಗದ ಮಾಹಿತಿಯನ್ನು ಹೇಗೆ ನಿಭಾಯಿಸಲಾಯಿತು ಎಂಬುದು ಅದರದೇ ಇನ್ನೊಂದು ಭಾಗ. ಎರಡೂ ವಿಧಾನದಲ್ಲಿ ಬರಬೇಕು. ಇಲ್ಲಿ ಸ್ಥಳ ಬದಲಿಸುವುದರಿಂದ ಮಾತ್ರ ಕೆಲಸ ಮುಗಿಯುವುದಿಲ್ಲ. ಸಂಖ್ಯಾಶಾಸ್ತ್ರಜ್ಞರ ಬಳಿಗೆ ಹೋಗಿ ವಿಶ್ಲೇಷಣೆಯನ್ನು ತಲಾ 85 ಜನರ ಮಾಹಿತಿಯೊಂದಿಗೆ ಮತ್ತೆ ಮಾಡಿಸಬೇಕು.

ಮಾದರಿ ಗಾತ್ರದ ಲೆಕ್ಕವೂ ಇದೇ ಹಂತದಲ್ಲಿ ತನ್ನ ಜಾಗಕ್ಕೆ, ಅಂದರೆ ವಿಧಾನದಲ್ಲಿರುವ 16ನೆಯ ಅಂಶಕ್ಕೆ, ಮರಳಬೇಕು. ಎರಡು ಗುಂಪುಗಳ ನಡುವೆ 0.5 ಗ್ರಾಂ ವ್ಯತ್ಯಾಸವನ್ನು, 1.1ರ ಪ್ರಮಾಣ ವಿಚಲನೆ, ಶೇ. 80 ಸಾಮರ್ಥ್ಯ ಮತ್ತು ಶೇ. 5ರ ಮಟ್ಟದಲ್ಲಿ ಪತ್ತೆಹಚ್ಚಲು ತಲಾ 76 ಜನ ಬೇಕು. ಶೇ. 15ರಷ್ಟು ಜನ ಬಿಟ್ಟುಹೋಗಬಹುದೆಂದು ಸೇರಿಸಿದರೆ ತಲಾ 90 ಆಗುತ್ತದೆ. ಆ 0.5 ಗ್ರಾಂ ಎಂಬ ಸಂಖ್ಯೆ ಮುಂದೆ ಮತ್ತೆ ಬೇಕಾಗುತ್ತದೆ.

ಫಲಿತಾಂಶ ಮತ್ತು ಚರ್ಚೆಯ ಗಡಿ

ಕರಡಿನ ಫಲಿತಾಂಶದ ವಿಭಾಗದಲ್ಲಿ ಹೀಗಿದೆ: "ಪಿ ಮೌಲ್ಯ 0.05ಕ್ಕಿಂತ ಹೆಚ್ಚಿರುವುದರಿಂದ ಎರಡೂ ವಿಧಾನಗಳು ಸಮಾನ ಪರಿಣಾಮಕಾರಿ." ಈ ವಾಕ್ಯದ ಮೊದಲರ್ಧ ಫಲಿತಾಂಶ, ಎರಡನೆಯ ಅರ್ಧ ಅಭಿಪ್ರಾಯ, ಅದೂ ತಪ್ಪು ಅಭಿಪ್ರಾಯ. 26ನೆಯ ಅಂಶ ಕೇಳುವುದು ಪ್ರತಿ ಗುಂಪಿನಲ್ಲಿ ಎಷ್ಟು ಜನರ ಮಾಹಿತಿ ಇತ್ತು, ಗುಂಪಿನ ಫಲಿತಾಂಶವೇನು, ವ್ಯತ್ಯಾಸವೆಷ್ಟು ಮತ್ತು ಅದರ ವಿಶ್ವಾಸ ವ್ಯಾಪ್ತಿ ಏನು ಎಂಬುದನ್ನು. ಮರುವಿಶ್ಲೇಷಣೆಯ ನಂತರ ನಮ್ಮ ವಾಕ್ಯ ಹೀಗಾಗುತ್ತದೆ: ಎಂಟು ವಾರಗಳಲ್ಲಿ ಹಿಮೋಗ್ಲೋಬಿನ್ ಪ್ರತಿದಿನದ ಗುಂಪಿನಲ್ಲಿ ಸರಾಸರಿ 1.4 ಗ್ರಾಂ, ದಿನ ಬಿಟ್ಟು ದಿನದ ಗುಂಪಿನಲ್ಲಿ 1.2 ಗ್ರಾಂ ಏರಿತು. ವ್ಯತ್ಯಾಸ 0.2 ಗ್ರಾಂ, ಶೇ. 95 ವಿಶ್ವಾಸ ವ್ಯಾಪ್ತಿ −0.13ರಿಂದ 0.53. ಫಲಿತಾಂಶದ ವಿಭಾಗ ಅಲ್ಲಿಗೇ ನಿಲ್ಲಬೇಕು.

ಚರ್ಚೆಯಲ್ಲಿ, 29ನೆಯ ಅಂಶವಾಗಿ, ಆ ವ್ಯಾಪ್ತಿಯ ಅರ್ಥವನ್ನು ಹೇಳಬೇಕು. ವ್ಯಾಪ್ತಿಯ ಮೇಲಿನ ತುದಿ 0.53, ಅಂದರೆ ಮುಖ್ಯವೆಂದು ಲೇಖಕರೇ ಮೊದಲು ತೀರ್ಮಾನಿಸಿದ್ದ 0.5 ಗ್ರಾಂ ವ್ಯತ್ಯಾಸ ಅದರೊಳಗೇ ಇದೆ. ಹಾಗಾಗಿ ಪ್ರತಿದಿನದ ಮಾತ್ರೆ ಅಷ್ಟು ಮೇಲಾಗಿರುವ ಸಾಧ್ಯತೆಯನ್ನು ಈ ಟ್ರಯಲ್ ತಳ್ಳಿಹಾಕುವುದಿಲ್ಲ. ಎರಡೂ ಸಮಾನವೆಂದು ತೋರಿಸುವುದು ಈ ಟ್ರಯಲ್‌ನ ವಿನ್ಯಾಸವೂ ಆಗಿರಲಿಲ್ಲ, ಅದಕ್ಕೆ ಬೇರೆಯೇ ಲೆಕ್ಕ, ಬೇರೆಯೇ ಮಾದರಿ ಗಾತ್ರ ಬೇಕು.

ಅಡ್ಡಪರಿಣಾಮಗಳು ಕರಡಿನಲ್ಲಿ ಮೊದಲ ಬಾರಿಗೆ ಕಾಣಿಸಿಕೊಳ್ಳುವುದು ಚರ್ಚೆಯಲ್ಲಿ, "ವಾಕರಿಕೆ ಪ್ರತಿದಿನದ ಗುಂಪಿನಲ್ಲಿ ಹೆಚ್ಚು ಕಂಡುಬಂದಿತು" ಎಂಬ ಮಾತಿನಲ್ಲಿ. ಅದನ್ನು ಫಲಿತಾಂಶಕ್ಕೆ ತಂದು, ಎಷ್ಟರಲ್ಲಿ ಎಷ್ಟು ಎಂದು ಬರೆಯಬೇಕು: 90ರಲ್ಲಿ 32 ಜನರಿಗೆ ಪ್ರತಿದಿನದ ಗುಂಪಿನಲ್ಲಿ, 90ರಲ್ಲಿ 18 ಜನರಿಗೆ ಇನ್ನೊಂದು ಗುಂಪಿನಲ್ಲಿ ವಾಕರಿಕೆ ಅಥವಾ ವಾಂತಿ ಆಗಿತ್ತು. ಆಯಿತು-ಆಗಲಿಲ್ಲ ಎಂಬ ಬಗೆಯ ಫಲಿತಾಂಶಗಳಿಗೆ ಅನುಪಾತ ಮತ್ತು ನೇರ ವ್ಯತ್ಯಾಸ ಎರಡನ್ನೂ ಕೊಡುವುದು ಒಳ್ಳೆಯದು. ಇಲ್ಲಿ ಅನುಪಾತ 1.78, ಆದರೆ ಆಶಾ ಕಾರ್ಯಕರ್ತೆಗೂ ವೈದ್ಯರಿಗೂ ಹೆಚ್ಚು ತಿಳಿಹೇಳುವುದು ನೂರಕ್ಕೆ ಸುಮಾರು 16 ಜನ ಹೆಚ್ಚು ಎಂಬ ಮಾತು. ಇದರ ಜೋಡಿ ವಾಕ್ಯವೂ ವಿಧಾನದಲ್ಲಿ ಇರಬೇಕು. ಪ್ರತಿ ಭೇಟಿಯಲ್ಲಿ ಲಕ್ಷಣಗಳ ಪಟ್ಟಿಯೊಂದನ್ನು ಓದಿ ಕೇಳಲಾಯಿತೇ, ಅಥವಾ ಗರ್ಭಿಣಿಯರು ತಾವಾಗಿ ಹೇಳಿದ್ದನ್ನು ಮಾತ್ರ ಬರೆದುಕೊಳ್ಳಲಾಯಿತೇ? ಕೇಳುವ ರೀತಿ ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ.

ಎಷ್ಟು ಮಾತ್ರೆ ನಿಜವಾಗಿ ಸೇವಿಸಿದರು ಎಂಬುದನ್ನು ಕರಡುಗಳು ಬಹಳ ಸಲ ಬಿಟ್ಟೇಬಿಡುತ್ತವೆ. 2025ರ ಪಟ್ಟಿ ಅದಕ್ಕೆ 24ನೆಯ ಅಂಶದಲ್ಲಿ ಸ್ಪಷ್ಟವಾದ ಜಾಗ ಕೊಟ್ಟಿದೆ. ಮರಳಿ ತಂದ ಖಾಲಿ ಸ್ಟ್ರಿಪ್‌ಗಳ ಎಣಿಕೆ ದಾಖಲೆಯಲ್ಲಿದ್ದರೆ ಅದನ್ನು ಇಲ್ಲಿ ಸೇರಿಸಬೇಕು.

ಮುನ್ನುಡಿಗೆ ಮುಂಚೆ, ಮತ್ತು ಕೊನೆಗೆ

ನೋಂದಣಿ ಸಂಖ್ಯೆ, ಪ್ರೊಟೊಕಾಲ್ ಎಲ್ಲಿ ಸಿಗುತ್ತದೆ, ಮಾಹಿತಿ ಹಂಚಿಕೆ, ಹಣದ ಮೂಲ, ಹಿತಾಸಕ್ತಿಗಳು, ಇವು 2010ರ ಪಟ್ಟಿಯಲ್ಲಿ ಇದ್ದಷ್ಟು ಕೊನೆಯಲ್ಲಿದ್ದವು. 2025ರಲ್ಲಿ ಇವನ್ನೆಲ್ಲ ಸೇರಿಸಿ, ಶೀರ್ಷಿಕೆ ಮತ್ತು ಸಾರಾಂಶದ ನಂತರವೇ 2ರಿಂದ 5ನೆಯ ಅಂಶಗಳಾಗಿ ಇಟ್ಟಿದ್ದಾರೆ. ಪತ್ರಿಕೆ ಇವನ್ನು ಲೇಖನದ ಕೊನೆಯಲ್ಲಿ ಕೇಳಿದರೆ ಅಲ್ಲಿಯೇ ಇಡಬೇಕು, ಏಕೆಂದರೆ ಕಾನ್ಸಾರ್ಟ್ ಬಯಸುವುದು ಪ್ರತಿಯೊಂದು ಅಂಶವೂ ಸ್ಪಷ್ಟವಾಗಿ ಇರಬೇಕೆಂದು, ಪತ್ರಿಕೆಯ ಶೈಲಿಯನ್ನು ಮುರಿಯಬೇಕೆಂದಲ್ಲ. ಪದಮಿತಿ ಸಾಲದಿದ್ದರೆ ಪ್ರೊಟೊಕಾಲ್‌ನ ವಿವರಗಳು ಪೂರಕ ಕಡತಕ್ಕೆ ಹೋಗಬಹುದು, ಆದರೆ ಹಂಚಿಕೆಯ ಮೂರು ವಾಕ್ಯಗಳು ಮತ್ತು ಮುಖ್ಯ ಫಲಿತಾಂಶದ ವಿವರಣೆ ಮೂಲ ಲೇಖನದಲ್ಲಿಯೇ ಉಳಿಯಬೇಕು.

ಮುಖ್ಯ ಫಲಿತಾಂಶವನ್ನು ನೋಂದಣಿಯ ಪ್ರತಿಯೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸುವುದು ಈ ಹಂತದಲ್ಲಿ. ನೋಂದಣಿಯಲ್ಲಿ "ಎಂಟನೆಯ ವಾರದ ಹಿಮೋಗ್ಲೋಬಿನ್ ಬದಲಾವಣೆ" ಎಂದಿದ್ದು ಕರಡಿನಲ್ಲಿ "ಹಿಮೋಗ್ಲೋಬಿನ್ ಮತ್ತು ಫೆರಿಟಿನ್" ಎಂದಾಗಿದ್ದರೆ, ಫೆರಿಟಿನ್ ಅನ್ನು ಮುಖ್ಯ ಸ್ಥಾನದಿಂದ ಕೆಳಗಿಳಿಸಬೇಕು. ನಡುವೆ ನಿಜವಾಗಿಯೇ ಬದಲಾಯಿಸಲಾಗಿದ್ದರೆ ಯಾವಾಗ, ಏಕೆ ಎಂದು 10ನೆಯ ಅಂಶದಲ್ಲಿ ಬರೆಯಬೇಕು.

ಸಾರಾಂಶವನ್ನು ಎಲ್ಲಕ್ಕಿಂತ ಕೊನೆಗೆ ತಿದ್ದಬೇಕು, ಇಲ್ಲದಿದ್ದರೆ 162 ಎಂಬ ಹಳೆಯ ಸಂಖ್ಯೆ ಅಲ್ಲಿಯೇ ಉಳಿದುಬಿಡುತ್ತದೆ. ಶೀರ್ಷಿಕೆಯಲ್ಲಿ "ಯಾದೃಚ್ಛಿಕ ಹಂಚಿಕೆಯ ಟ್ರಯಲ್" ಎಂಬ ಮಾತು ಇರಬೇಕು. ಆಮೇಲೆ ಲೇಖನವನ್ನು ಪಿಡಿಎಫ್ ಮಾಡಿ, ಆ ಪಿಡಿಎಫ್‌ನ ಪುಟಸಂಖ್ಯೆಗಳನ್ನೇ ಪಟ್ಟಿಗೆ ಬರೆಯಬೇಕು. ವರ್ಡ್ ಕಡತದ ಪುಟಗಳು ಇನ್ನೊಬ್ಬರ ಕಂಪ್ಯೂಟರ್‌ನಲ್ಲಿ ಸರಿದುಹೋಗುತ್ತವೆ. ಪಟ್ಟಿಯನ್ನು ತುಂಬಿದ ಮೇಲೆ ಟ್ರಯಲ್‌ಗೆ ಸಂಬಂಧವಿಲ್ಲದ ಸಹೋದ್ಯೋಗಿಯೊಬ್ಬರಿಗೆ ಅದನ್ನೂ ಲೇಖನವನ್ನೂ ಕೊಟ್ಟು, 18, 21, 22 ಮತ್ತು 26ನೆಯ ಅಂಶಗಳನ್ನು ಮಾತ್ರ ಹುಡುಕಲು ಹೇಳಬೇಕು. ಸೂಚಿಸಿದ ಪುಟದಲ್ಲಿ, ನಮ್ಮನ್ನು ಕೇಳದೆಯೇ, ಅವರಿಗೆ ಉತ್ತರ ಸಿಗದಿದ್ದರೆ ಆ ಪ್ಯಾರಾ ಇನ್ನೂ ತನ್ನ ಜಾಗಕ್ಕೆ ಬಂದಿಲ್ಲ.